ಟೈಟನ್ ಆರ್‌ಒಇ 27ರಿಂದ 37ಕ್ಕೆ ಏರಿದ್ದು ಹೇಗೆ: ಮೂರು ಭಾಗ ಮಾಡಿ ನೋಡಿದ ನನ್ನ ಅನುಭವ

ನನ್ನ ತಂಗಿಯ ಮಗ ಹೊಸದಾಗಿ ಷೇರು ಕೊಳ್ಳಲು ಶುರು ಮಾಡಿದ್ದಾನೆ. ಟೈಟನ್ ಕಂಪನಿಯ 2023–24ರ ಲೆಕ್ಕ ಹೊರಗೆ ಬಂದ ಮೇಲೆ ಅವನು ಫೋನ್ ಮಾಡಿ, "ಮಾವ, ಟೈಟನ್ ಆರ್‌ಒಇ ಒಂದೇ ವರ್ಷದಲ್ಲಿ 27ರಿಂದ 37 ಆಗಿದೆ, ವ್ಯಾಪಾರ ಭರ್ಜರಿ ಅಂತ ಅರ್ಥ ಅಲ್ವಾ?" ಅಂತ ಕೇಳಿದ. ಹೌದು ಅಂತಲೂ ಹೇಳೋಕಾಗಲ್ಲ, ಅಲ್ಲ ಅಂತಲೂ ಹೇಳೋಕಾಗಲ್ಲ, ಮೂರು ಭಾಗ ಮಾಡಿ ನೋಡೋಣ ಬಾ ಅಂದೆ. ಆ ಲೆಕ್ಕವನ್ನು ನಾವು ಹೇಗೆ ಮಾಡಿದೆವು, ಏನು ಸಿಕ್ಕಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಟೈಟನ್ ಕೊಳ್ಳಿ ಅಥವಾ ಮಾರಿ ಅಂತ ನಾನು ಹೇಳುತ್ತಿಲ್ಲ. ಈ ಒಂದು ಅಂಕಿಯನ್ನು ಬಿಡಿಸಿ ನೋಡೋಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ, ಅಷ್ಟೇ. ನಮ್ಮ ಬೆಂಗಳೂರಿನಲ್ಲೇ ಮುಖ್ಯ ಕಚೇರಿ ಇರುವ ಕಂಪನಿ, ತನಿಷ್ಕ್ ಅಂಗಡಿ ಎಲ್ಲರಿಗೂ ಗೊತ್ತು. ಹಾಗಾಗಿ ವ್ಯಾಪಾರ ಏನು ಅಂತ ಬಿಡಿಸಿ ಹೇಳುವ ಕೆಲಸವೂ ಕಡಿಮೆ.

ಮೊದಲು ಆರ್‌ಒಇ ಅಂದರೆ ಏನು ಅಂತ ನೋಡೋಣ. ರಿಟರ್ನ್ ಆನ್ ಈಕ್ವಿಟಿ. ವರ್ಷದ ನಿವ್ವಳ ಲಾಭವನ್ನು ಷೇರುದಾರರ ಹಣದಿಂದ ಭಾಗಿಸಿದರೆ ಬರುವ ಶೇಕಡಾವಾರು ಅದು. ಷೇರುದಾರರ ಹಣ ಅಂದರೆ ಅವರು ಮೊದಲು ಹಾಕಿದ ಬಂಡವಾಳ, ಅದರ ಜೊತೆಗೆ ಇಷ್ಟು ವರ್ಷ ಕಂಪನಿಯಲ್ಲೇ ಉಳಿಸಿಕೊಂಡ ಲಾಭ. ಷೇರಿನ ಮಾರುಕಟ್ಟೆ ಬೆಲೆಗೂ ಇದಕ್ಕೂ ಸಂಬಂಧ ಇಲ್ಲ. ಹೊಸಬರು ತುಂಬಾ ಜನ ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಆರ್‌ಒಇ 37 ಅಂದರೆ ಇವತ್ತು ನೀವು ಷೇರು ಕೊಂಡರೆ ನಿಮಗೆ ವರ್ಷಕ್ಕೆ 37 ಬರುತ್ತೆ ಅಂತಲ್ಲ. ಪುಸ್ತಕದಲ್ಲಿರುವ ಹಣದ ಮೇಲೆ ಕಂಪನಿ ಅಷ್ಟು ದುಡಿದಿದೆ ಅಂತ ಮಾತ್ರ.

ಈಗ ಮೂರು ಭಾಗಗಳು. ಒಂದು ಬಟ್ಟೆ ಅಂಗಡಿ ಇದೆ ಅಂದುಕೊಳ್ಳಿ. ಅಂಗಡಿಯಲ್ಲಿರುವ ಸ್ಟಾಕು, ಪೀಠೋಪಕರಣ, ನಗದು ಎಲ್ಲಾ ಸೇರಿ 20 ಲಕ್ಷದ ಆಸ್ತಿ. ಅದರಲ್ಲಿ 10 ಲಕ್ಷ ಮಾಲೀಕರ ಸ್ವಂತ ಹಣ, 10 ಲಕ್ಷ ಶೇಕಡಾ 10ರ ಬಡ್ಡಿಗೆ ತಂದ ಸಾಲ. ವರ್ಷಕ್ಕೆ 60 ಲಕ್ಷ ವ್ಯಾಪಾರ ಆಗುತ್ತೆ, ಬಡ್ಡಿಯೆಲ್ಲಾ ಕಟ್ಟಿದ ಮೇಲೆ 3 ಲಕ್ಷ ಉಳಿಯುತ್ತೆ. ತೆರಿಗೆಯನ್ನು ಸದ್ಯಕ್ಕೆ ಮರೆತುಬಿಡೋಣ. ನೂರು ರೂಪಾಯಿ ಮಾರಿದರೆ 5 ರೂಪಾಯಿ ಉಳಿಯುತ್ತೆ, ಅದು ಮಾರ್ಜಿನ್. 20 ಲಕ್ಷದ ಆಸ್ತಿ ಇಟ್ಟುಕೊಂಡು 60 ಲಕ್ಷ ಮಾರಿದ್ದಾರೆ, ಅಂದರೆ ಆಸ್ತಿ ವರ್ಷಕ್ಕೆ 3 ಸಲ ತಿರುಗಿದೆ, ಅದು ಅಸೆಟ್ ಟರ್ನೋವರ್. ಸ್ವಂತದ್ದು 10 ಲಕ್ಷ, ಆಸ್ತಿ 20 ಲಕ್ಷ, ಅಂದರೆ 2 ಪಟ್ಟು, ಅದು ಲೆವರೇಜ್. ಮೂರನ್ನೂ ಗುಣಿಸಿ: 5 × 3 × 2 = 30. ನೇರವಾಗಿ 3 ಲಕ್ಷವನ್ನು 10 ಲಕ್ಷದಿಂದ ಭಾಗಿಸಿದರೂ ಅದೇ 30 ಶೇಕಡಾ. ಮಧ್ಯದಲ್ಲಿ ಬರುವ ವ್ಯಾಪಾರ ಮತ್ತು ಆಸ್ತಿ ಎರಡೂ ಹೊಡೆದುಹೋಗುತ್ತವೆ, ಕೊನೆಗೆ ಲಾಭ ಮತ್ತು ಸ್ವಂತ ಹಣ ಮಾತ್ರ ಉಳಿಯುತ್ತವೆ. ಗಣಿತ ಇಷ್ಟೇ.

ಇದೇ ಅಂಗಡಿಯಲ್ಲಿ ಮಾಲೀಕರು ತಮ್ಮ ಹಣದಲ್ಲಿ 5 ಲಕ್ಷ ವಾಪಸ್ ತೆಗೆದು, ಆ ಜಾಗಕ್ಕೆ ಇನ್ನೂ 5 ಲಕ್ಷ ಸಾಲ ತಂದರು ಅನ್ನಿ. ಅಂಗಡಿಯಲ್ಲಿ ಒಂದು ಸೀರೆಯೂ ಜಾಸ್ತಿ ಮಾರಾಟ ಆಗಿಲ್ಲ. ಬಡ್ಡಿ 50 ಸಾವಿರ ಹೆಚ್ಚಾಯಿತು, ಲಾಭ ಎರಡೂವರೆ ಲಕ್ಷಕ್ಕೆ ಇಳಿಯಿತು. ಆದರೆ ಆರ್‌ಒಇ 50 ಶೇಕಡಾ ಆಯಿತು, ಯಾಕೆಂದರೆ ಕೆಳಗಿನ ಸಂಖ್ಯೆ ಅರ್ಧ ಆಗಿದೆ. ಲಾಭ ಕಡಿಮೆ, ಆರ್‌ಒಇ ಜಾಸ್ತಿ! ಈಗ ಒಂದು ಕೆಟ್ಟ ವರ್ಷ ಬಂತು, ಬಡ್ಡಿಗೆ ಮುಂಚಿನ ಲಾಭ 4 ಲಕ್ಷದಿಂದ ಒಂದೂವರೆ ಲಕ್ಷಕ್ಕೆ ಬಿತ್ತು ಅಂದುಕೊಳ್ಳಿ. ಮೊದಲಿನ ಹಾಗೆ 10 ಲಕ್ಷ ಸಾಲ ಇದ್ದಿದ್ದರೆ ಬಡ್ಡಿ ಕಟ್ಟಿ 50 ಸಾವಿರ ಉಳಿಯುತ್ತಿತ್ತು. 15 ಲಕ್ಷ ಸಾಲ ಇದ್ದರೆ ಏನೂ ಉಳಿಯಲ್ಲ. ಆರ್‌ಒಇ ಎಂಬ ಒಂದೇ ಅಂಕಿ ಈ ಎರಡು ಅಂಗಡಿಗಳ ವ್ಯತ್ಯಾಸವನ್ನು ಒಳ್ಳೆಯ ವರ್ಷದಲ್ಲಿ ತಲೆಕೆಳಗಾಗಿ ತೋರಿಸುತ್ತೆ, ಅದಕ್ಕೇ ಬಿಡಿಸಿ ನೋಡಬೇಕು.

ಈ ವಿಧಾನಕ್ಕೆ ಡ್ಯುಪಾಂಟ್ ಲೆಕ್ಕ ಅನ್ನುತ್ತಾರೆ. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ 1910ರ ದಶಕದಲ್ಲಿ ಡೊನಾಲ್ಡ್‌ಸನ್ ಬ್ರೌನ್ ಎಂಬ ಎಂಜಿನಿಯರ್ ಮಾರ್ಜಿನ್ ಮತ್ತು ಟರ್ನೋವರ್ ಗುಣಿಸುವ ಕ್ರಮ ತಂದರು. ಕಂಪನಿಯ ಬೇರೆ ಬೇರೆ ವಿಭಾಗಗಳನ್ನು ಒಂದೇ ಅಳತೆಯಲ್ಲಿ ಹೋಲಿಸೋಕೆ ಅದು ಬೇಕಿತ್ತು. ಅವರು ಆಮೇಲೆ ಜನರಲ್ ಮೋಟಾರ್ಸ್‌ಗೆ ಹೋಗಿ ಅಲ್ಲೂ ಇದನ್ನೇ ಬಳಸಿದರು. ಮೂರನೆಯ ಭಾಗವಾದ ಲೆವರೇಜ್ ಅದಕ್ಕೆ ಸೇರಿಕೊಂಡಿದ್ದು ನಂತರ.

ಈಗ ಟೈಟನ್ ಲೆಕ್ಕಕ್ಕೆ ಬರೋಣ. ನಾನು ಯಾವಾಗಲೂ ವಾರ್ಷಿಕ ವರದಿಯನ್ನೇ ತೆರೆಯುತ್ತೇನೆ. ಅದರಲ್ಲಿ ಎರಡು ಲೆಕ್ಕ ಇರುತ್ತವೆ: ಒಂದು ಕಂಪನಿಯದ್ದು ಮಾತ್ರ, ಇನ್ನೊಂದು ಅದರ ಹಿಡಿತದಲ್ಲಿರುವ ಅಂಗಸಂಸ್ಥೆಗಳನ್ನೂ ಸೇರಿಸಿದ ಕನ್ಸಾಲಿಡೇಟೆಡ್ ಲೆಕ್ಕ. ಟೈಟನ್‌ನಂಥ ಕಂಪನಿಗೆ ಎರಡನೆಯದನ್ನೇ ತೆಗೆದುಕೊಳ್ಳಬೇಕು, ಮತ್ತು ನಾಲ್ಕೂ ಅಂಕಿ ಅದೇ ಲೆಕ್ಕದಿಂದಲೇ ಬರಬೇಕು. ಲಾಭ ಒಂದು ಕಡೆಯಿಂದ, ಈಕ್ವಿಟಿ ಇನ್ನೊಂದು ಕಡೆಯಿಂದ ತೆಗೆದರೆ ಗುಣಾಕಾರ ಸರಿಯಾಗೇ ಬರುತ್ತೆ, ಅರ್ಥ ಮಾತ್ರ ಇರಲ್ಲ. ಬೇಕಾದ್ದು ನಾಲ್ಕೇ ಸಾಲು. ಲಾಭ ನಷ್ಟದ ಪಟ್ಟಿಯಿಂದ ವ್ಯಾಪಾರದ ಆದಾಯ ಮತ್ತು ನಿವ್ವಳ ಲಾಭ, ಬ್ಯಾಲೆನ್ಸ್ ಶೀಟಿನಿಂದ ಒಟ್ಟು ಆಸ್ತಿ ಮತ್ತು ಒಟ್ಟು ಈಕ್ವಿಟಿ.

ಸ್ಪ್ರೆಡ್‌ಶೀಟಿನಲ್ಲಿ B2ರಿಂದ B5ರವರೆಗೆ ಈ ನಾಲ್ಕನ್ನು ಇದೇ ಕ್ರಮದಲ್ಲಿ ಹಾಕಿ, B7ರಿಂದ ಕೆಳಗೆ ಹೀಗೆ ಬರೆಯುತ್ತೇನೆ:

```
=B3/B2
=B2/B4
=B4/B5
=B7*B8*B9
```

ಮೊದಲ ಮೂರು ಸಾಲು ಮಾರ್ಜಿನ್, ಟರ್ನೋವರ್, ಲೆವರೇಜ್. ಕೊನೆಯದು ಆರ್‌ಒಇ. ಮುಂದಿನ ಕಾಲಮ್‌ನಲ್ಲಿ ಮುಂದಿನ ವರ್ಷ. ಒಂದೇ ವರ್ಷ ಹಾಕಿದರೆ ಹೆಚ್ಚೇನೂ ತಿಳಿಯಲ್ಲ. ಪಕ್ಕ ಪಕ್ಕ ಎರಡು ವರ್ಷ ಇಟ್ಟ ಕೂಡಲೇ ಯಾವುದು ಅಲುಗಾಡಿದೆ ಅಂತ ಕಾಣುತ್ತೆ.

ಓದೋಕೆ ಸುಲಭ ಆಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಕೊಡುತ್ತೇನೆ. 2022–23ರಲ್ಲಿ ಟೈಟನ್ ವ್ಯಾಪಾರ ಸುಮಾರು 40,600 ಕೋಟಿ ರೂಪಾಯಿ, ನಿವ್ವಳ ಲಾಭ 3,270 ಕೋಟಿ, ವರ್ಷದ ಕೊನೆಗೆ ಒಟ್ಟು ಆಸ್ತಿ 27,000 ಕೋಟಿ, ಈಕ್ವಿಟಿ 11,900 ಕೋಟಿ. ಬಿಡಿಸಿದರೆ ಮಾರ್ಜಿನ್ ಶೇಕಡಾ 8.05, ಟರ್ನೋವರ್ 1.50, ಲೆವರೇಜ್ 2.27. ಗುಣಿಸಿದರೆ ಆರ್‌ಒಇ ಶೇಕಡಾ ಇಪ್ಪತ್ತೇಳೂವರೆ.

2023–24ರಲ್ಲಿ ವ್ಯಾಪಾರ 51,100 ಕೋಟಿ, ಲಾಭ 3,500 ಕೋಟಿ, ಆಸ್ತಿ 31,500 ಕೋಟಿ, ಈಕ್ವಿಟಿ 9,400 ಕೋಟಿ. ಮಾರ್ಜಿನ್ ಶೇಕಡಾ 6.85, ಟರ್ನೋವರ್ 1.62, ಲೆವರೇಜ್ 3.35. ಆರ್‌ಒಇ ಶೇಕಡಾ 37.

ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಮಾವ, ಮಾರ್ಜಿನ್ ಇಳಿದಿದೆಯಲ್ಲ?" ಅಂದ. ಇಳಿದಿದೆ. ನೂರು ರೂಪಾಯಿ ಮಾರಾಟಕ್ಕೆ ಎಂಟು ರೂಪಾಯಿ ಉಳಿಯುತ್ತಿದ್ದದ್ದು ಏಳು ರೂಪಾಯಿಗಿಂತ ಕಡಿಮೆ ಆಗಿದೆ. ಟರ್ನೋವರ್ ಸ್ವಲ್ಪ ಏರಿದೆ. ಈ ಎರಡನ್ನು ಮಾತ್ರ ಗುಣಿಸಿ ನೋಡಿ, ಅದು ಒಟ್ಟು ಆಸ್ತಿಯ ಮೇಲಿನ ಗಳಿಕೆ. 2022–23ರಲ್ಲಿ ಅದು ಶೇಕಡಾ 12.1, ಮರುವರ್ಷ 11.1. ಅಂದರೆ ಅಂಗಡಿಯಲ್ಲಿರುವ ಚಿನ್ನ, ವಾಚು, ಕನ್ನಡಕ, ನಗದು ಎಲ್ಲದರ ಮೇಲೆ ಕಂಪನಿ ದುಡಿದದ್ದು ಒಂದು ಪಾಯಿಂಟ್ ಕಡಿಮೆ ಆಗಿದೆ, ಷೇರುದಾರರ ಹಣದ ಮೇಲಿನ ಗಳಿಕೆ ಮಾತ್ರ ಹತ್ತು ಪಾಯಿಂಟ್ ಜಾಸ್ತಿ ಆಗಿದೆ. ಲೆವರೇಜ್ 2.27ರಲ್ಲೇ ನಿಂತಿದ್ದರೆ ಆರ್‌ಒಇ ಎಷ್ಟಿರುತ್ತಿತ್ತು ಅಂತ ಲೆಕ್ಕ ಹಾಕಿದೆವು. 11.1 × 2.27, ಸುಮಾರು 25. ಏರುವ ಬದಲು ಇಳಿಯುತ್ತಿತ್ತು. ಆ ಹತ್ತು ಪಾಯಿಂಟ್ ಏರಿಕೆ ಪೂರ್ತಿ ಮೂರನೆಯ ಭಾಗದಿಂದಲೇ ಬಂದಿದೆ.

ಹಾಗಾದರೆ ಕಂಪನಿ ಸಾಲದ ಮೇಲೆ ಓಡುತ್ತಿದೆ ಅಂತ ತೀರ್ಮಾನ ಮಾಡಿಬಿಡಬಹುದಾ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಲೆವರೇಜ್ ಏರೋಕೆ ಎರಡು ದಾರಿ ಇವೆ. ಮೇಲಿನ ಆಸ್ತಿ ಸಾಲದಿಂದ ಬೆಳೆಯಬಹುದು, ಇಲ್ಲವೇ ಕೆಳಗಿನ ಈಕ್ವಿಟಿ ಕುಗ್ಗಬಹುದು. ಟೈಟನ್‌ನಲ್ಲಿ ಆಸ್ತಿ 27,000ದಿಂದ 31,500 ಕೋಟಿಗೆ ಏರಿದೆ, ಅದು ವ್ಯಾಪಾರ ಬೆಳೆದಷ್ಟೂ ಇಲ್ಲ. ನಿಜವಾದ ಬದಲಾವಣೆ ಈಕ್ವಿಟಿಯಲ್ಲಿ. 3,500 ಕೋಟಿ ಲಾಭ ಮಾಡಿದ ವರ್ಷದಲ್ಲಿ ಷೇರುದಾರರ ಹಣ 11,900ದಿಂದ 9,400 ಕೋಟಿಗೆ ಇಳಿದಿದೆ! ಲಾಭ ಬಂದರೆ ಈಕ್ವಿಟಿ ಬೆಳೆಯಬೇಕು. ಬೆಳೆಯಲಿಲ್ಲ ಅಂದರೆ ಎಲ್ಲೋ ಹೋಗಿದೆ. ಇಂಥದ್ದು ಕಂಡಾಗ ನಾನು ವಾರ್ಷಿಕ ವರದಿಯಲ್ಲಿ ಈಕ್ವಿಟಿ ಬದಲಾವಣೆಯ ಪಟ್ಟಿಗೆ ಹೋಗುತ್ತೇನೆ. ಬ್ಯಾಲೆನ್ಸ್ ಶೀಟಿನ ಆಸುಪಾಸಿನಲ್ಲೇ ಇರುತ್ತೆ, ಹೊಸಬರು ಸಾಮಾನ್ಯವಾಗಿ ದಾಟಿಕೊಂಡು ಹೋಗುವ ಪುಟ. ವರ್ಷದ ಮೊದಲು ಎಷ್ಟಿತ್ತು, ಏನು ಸೇರಿತು, ಏನು ಹೋಯಿತು, ಕೊನೆಗೆ ಎಷ್ಟು ಉಳಿಯಿತು ಅಂತ ಅಲ್ಲಿ ಸಾಲು ಸಾಲಾಗಿ ಬರೆದಿರುತ್ತಾರೆ.

ಅಲ್ಲಿ ಸಿಕ್ಕಿದ್ದು ಕ್ಯಾರಟ್‌ಲೇನ್. ಆನ್‌ಲೈನ್‌ನಲ್ಲಿ ಒಡವೆ ಮಾರುವ ಈ ಕಂಪನಿಯಲ್ಲಿ ಟೈಟನ್ 2016ರಲ್ಲೇ ದೊಡ್ಡ ಪಾಲು ಕೊಂಡಿತ್ತು, 2023ರ ಹೊತ್ತಿಗೆ ಅದು ಶೇಕಡಾ 71ರಷ್ಟಾಗಿತ್ತು. ಆ ವರ್ಷ ಇನ್ನೂ ಶೇಕಡಾ 27ರಷ್ಟು ಪಾಲನ್ನು 4,621 ಕೋಟಿ ರೂಪಾಯಿಗೆ ಕೊಂಡಿತು. ಈಗ ಲೆಕ್ಕಪತ್ರದ ಒಂದು ನಿಯಮ ತಿಳಿದಿರಬೇಕು. ಒಂದು ಕಂಪನಿ ಮೊದಲೇ ನಿಮ್ಮ ಹಿಡಿತದಲ್ಲಿದ್ದರೆ, ಅದರ ಪೂರ್ತಿ ವ್ಯಾಪಾರ, ಪೂರ್ತಿ ಆಸ್ತಿ ಆಗಲೇ ನಿಮ್ಮ ಕನ್ಸಾಲಿಡೇಟೆಡ್ ಲೆಕ್ಕದಲ್ಲಿ ಸೇರಿರುತ್ತೆ. ಆಮೇಲೆ ಉಳಿದ ಪಾಲುದಾರರಿಂದ ಇನ್ನಷ್ಟು ಷೇರು ಕೊಂಡರೆ ಹೊಸ ಆಸ್ತಿ ಏನೂ ಬರೆಯುವಂತಿಲ್ಲ. ಭಾರತದ ಲೆಕ್ಕ ನಿಯಮ ಇಂಡ್ ಎಎಸ್ 110ರ ಪ್ರಕಾರ ಅದು ಮಾಲೀಕರ ನಡುವಿನ ವ್ಯವಹಾರ. ಕೊಟ್ಟ ದುಡ್ಡಿಗೂ ಆ ಪಾಲಿನ ಪುಸ್ತಕದ ಬೆಲೆಗೂ ಇರುವ ವ್ಯತ್ಯಾಸವನ್ನು ನೇರವಾಗಿ ಈಕ್ವಿಟಿಯಿಂದ ಕಳೆಯುತ್ತಾರೆ. ಕ್ಯಾರಟ್‌ಲೇನ್‌ನ ಪುಸ್ತಕದ ಬೆಲೆ ತುಂಬಾ ಚಿಕ್ಕದು. ಹಾಗಾಗಿ 4,621 ಕೋಟಿಯ ಹೆಚ್ಚುಕಮ್ಮಿ ಅಷ್ಟೂ ಷೇರುದಾರರ ಹಣದಿಂದ ಕಳೆದುಹೋಯಿತು.

ಕಾಗದದ ಮೇಲೆ ಹೀಗೆ ಬರೆದುಕೊಂಡೆವು: 11,900 ಇತ್ತು, ಲಾಭ 3,500 ಸೇರಿತು, ಷೇರಿಗೆ 10 ರೂಪಾಯಿಯಂತೆ ಡಿವಿಡೆಂಡ್ ಕೊಟ್ಟಿದ್ದು ಸುಮಾರು 890 ಹೋಯಿತು, ಕ್ಯಾರಟ್‌ಲೇನ್‌ಗೆ 4,620 ಹೋಯಿತು, ಉಳಿಯಬೇಕಾದ್ದು ಸುಮಾರು 9,900. ವರದಿಯಲ್ಲಿರುವುದು 9,400. ಉಳಿದ ವ್ಯತ್ಯಾಸ ಲಾಭ ನಷ್ಟದ ಪಟ್ಟಿಗೆ ಬಾರದೆ ಈಕ್ವಿಟಿಗೇ ನೇರ ಹೋಗುವ ಬೇರೆ ಬಾಬ್ತುಗಳದ್ದು, ಅದೇ ಪಟ್ಟಿಯಲ್ಲಿ ಅವೂ ಇರುತ್ತವೆ. ದೊಡ್ಡ ಕಾರಣ ಯಾವುದು ಅನ್ನುವುದರಲ್ಲಿ ಅನುಮಾನ ಇಲ್ಲ.

ಇದನ್ನು ಕಂಪನಿಯ ತಪ್ಪು ಅನ್ನೋಕಾಗಲ್ಲ. ತನಗೆ ಚೆನ್ನಾಗಿ ಗೊತ್ತಿರುವ, ಬೆಳೆಯುತ್ತಿರುವ ವ್ಯಾಪಾರವನ್ನು ಪೂರ್ತಿ ತನ್ನದು ಮಾಡಿಕೊಂಡಿದೆ. ಕೊಟ್ಟ ಬೆಲೆ ಜಾಸ್ತಿಯೋ ಕಡಿಮೆಯೋ ಅನ್ನುವುದು ಬೇರೆ ಚರ್ಚೆ. ನನಗೆ ಮುಖ್ಯ ಅನಿಸಿದ್ದು ಇದು: 4,600 ಕೋಟಿ ಕೊಟ್ಟು ಕೊಂಡ ಪಾಲು ಬ್ಯಾಲೆನ್ಸ್ ಶೀಟಿನ ಆಸ್ತಿ ಕಡೆ ಎಲ್ಲೂ ಕಾಣಲ್ಲ, ಈಕ್ವಿಟಿ ಕಡೆ ಮಾತ್ರ ಗುಂಡಿ ಬಿದ್ದಿದೆ. ಆ ಗುಂಡಿಯಿಂದಾಗಿ ಆರ್‌ಒಇ ಎತ್ತರ ಕಾಣುತ್ತಿದೆ. ಷೇರುದಾರರ ಜೇಬಿನಿಂದ ಆ ಹಣ ನಿಜವಾಗಿಯೂ ಹೋಗಿದೆ, ಆದ್ದರಿಂದ ಅದನ್ನು ಮತ್ತೆ ಈಕ್ವಿಟಿಗೆ ಸೇರಿಸಿ ಒಂದು ಸಲ ಲೆಕ್ಕ ಮಾಡುತ್ತೇನೆ. 9,400ಕ್ಕೆ 4,600 ಸೇರಿಸಿದರೆ 14,000. ಲಾಭ 3,500. ಆರ್‌ಒಇ ಶೇಕಡಾ 25. ಮೇಲೆ ಲೆವರೇಜ್ ಹಳೆಯದೇ ಇಟ್ಟು ಮಾಡಿದ ಲೆಕ್ಕಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ ನೋಡಿ. ಆ ವರ್ಷದ ವ್ಯಾಪಾರದ ಬಗ್ಗೆ ನನಗೆ 37ಕ್ಕಿಂತ ಈ 25 ಹೆಚ್ಚು ಸರಿ ಅನಿಸುತ್ತೆ.

ಇನ್ನು ಸಾಲದ ವಿಷಯ. ಲೆವರೇಜ್ 3.35 ಅಂದ ಕೂಡಲೇ ಎಲ್ಲವೂ ಬ್ಯಾಂಕ್ ಸಾಲ ಅಂದುಕೊಳ್ಳಬೇಡಿ. ಆಸ್ತಿಯಲ್ಲಿ ಈಕ್ವಿಟಿ ಬಿಟ್ಟು ಉಳಿದದ್ದೆಲ್ಲಾ ಅದರಲ್ಲಿ ಸೇರುತ್ತೆ. ಒಡವೆ ವ್ಯಾಪಾರದಲ್ಲಿ ಇದಕ್ಕೊಂದು ವಿಶೇಷ ಇದೆ. ಒಂದು ದೊಡ್ಡ ಬಾಬ್ತು ಚಿನ್ನದ ಸಾಲ. ಕಂಪನಿ ಬ್ಯಾಂಕಿನಿಂದ ದುಡ್ಡಿನ ಬದಲು ಚಿನ್ನವನ್ನೇ ಸಾಲ ತರುತ್ತೆ, ಒಡವೆ ಮಾಡಿ ಮಾರುತ್ತೆ, ಆಮೇಲೆ ಆ ಹೊತ್ತಿನ ಬೆಲೆಗೆ ಬ್ಯಾಂಕಿಗೆ ತೀರಿಸುತ್ತೆ. ಚಿನ್ನದ ಬೆಲೆ ಮಧ್ಯದಲ್ಲಿ ಬಿದ್ದರೆ ಸ್ಟಾಕಿನ ಬೆಲೆಯೂ ಬೀಳುತ್ತೆ, ತೀರಿಸಬೇಕಾದ ಸಾಲವೂ ಅಷ್ಟೇ ಬೀಳುತ್ತೆ. ಹಾಗಾಗಿ ಈ ಸಾಲ ಬೆಲೆ ಏರಿಳಿತದಿಂದ ಕಾಪಾಡುವ ಕೆಲಸವನ್ನೂ ಮಾಡುತ್ತೆ, ಬಡ್ಡಿ ದರವೂ ಸಾಮಾನ್ಯ ಸಾಲಕ್ಕಿಂತ ಕಡಿಮೆ ಇರುತ್ತೆ. ಇನ್ನೊಂದು ಬಾಬ್ತು ಗ್ರಾಹಕರ ಮುಂಗಡ. ತನಿಷ್ಕ್‌ನಲ್ಲಿ ತಿಂಗಳು ತಿಂಗಳು ಕಂತು ಕಟ್ಟಿ ಕೊನೆಗೆ ಒಡವೆ ಕೊಳ್ಳುವ ಸ್ಕೀಮ್ ನಮ್ಮ ಮನೆಗಳಲ್ಲೂ ತುಂಬಾ ಜನ ಮಾಡುತ್ತಾರೆ ಅಲ್ವಾ, ಆ ದುಡ್ಡು ಒಡವೆ ಕೊಡುವ ತನಕ ಕಂಪನಿಗೆ ಹೊಣೆ, ಬ್ಯಾಂಕ್ ಸಾಲದ ಹಾಗೆ ಅಲ್ಲ. ಅಂಗಡಿ ಮಳಿಗೆಗಳ ದೀರ್ಘಾವಧಿ ಬಾಡಿಗೆಯೂ ಈಗಿನ ನಿಯಮದಲ್ಲಿ ಹೊಣೆಯಾಗಿ ಬ್ಯಾಲೆನ್ಸ್ ಶೀಟಿಗೆ ಬರುತ್ತೆ. ಇವೆಲ್ಲಾ ಒಂದೇ ಬಗೆಯ ಸಾಲ ಅಲ್ಲ, ಒಂದೇ ಬಗೆಯ ಅಪಾಯವೂ ಅಲ್ಲ.

ಇಷ್ಟೆಲ್ಲಾ ಬಿಡಿಸೋಕೆ ಪುರುಸೊತ್ತು ಇಲ್ಲದಿದ್ದರೆ ಒಂದು ಅಂಕಿ ಸಾಕು, ಲಾಭ ನಷ್ಟದ ಪಟ್ಟಿಯಲ್ಲಿರುವ ಹಣಕಾಸಿನ ವೆಚ್ಚ, ಅಂದರೆ ಬಡ್ಡಿ. ಟೈಟನ್‌ನಲ್ಲಿ ಅದು 2022–23ರಲ್ಲಿ ಸುಮಾರು 300 ಕೋಟಿ ಇತ್ತು, ಮರುವರ್ಷ 620 ಕೋಟಿ ಆಯಿತು. ದುಪ್ಪಟ್ಟು. ಬಡ್ಡಿ ಮತ್ತು ತೆರಿಗೆಗೆ ಮುಂಚಿನ ಲಾಭ ಬಡ್ಡಿಯ ಎಷ್ಟು ಪಟ್ಟು ಅಂತ ನೋಡಿದರೆ ಮೊದಲು ಸುಮಾರು 16 ಪಟ್ಟು ಇದ್ದದ್ದು 8 ಪಟ್ಟಿನ ಹತ್ತಿರ ಬಂದಿದೆ. ಇನ್ನೂ ಆರಾಮವೇ, ಆದರೆ ಮೊದಲಿನಷ್ಟು ಆರಾಮ ಅಲ್ಲ. ಅಂದರೆ ಲೆವರೇಜ್ ಏರಿದ್ದು ಲೆಕ್ಕದ ನಿಯಮದಿಂದ ಮಾತ್ರ ಅಂತ ಹೇಳಿ ಮುಗಿಸೋಕಾಗಲ್ಲ, ಸಾಲವೂ ನಿಜವಾಗಿ ಬೆಳೆದಿದೆ.

ಈ ಬಡ್ಡಿಯಿಂದಲೇ ಇನ್ನೊಂದು ವಿಷಯ ತಿಳಿಯುತ್ತೆ. ಮೂರು ಭಾಗಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಬೇರೆ ಬೇರೆ ಇರುವುದಿಲ್ಲ. ಲೆವರೇಜ್ ಏರಿದರೆ ಬಡ್ಡಿ ಏರುತ್ತೆ, ಬಡ್ಡಿ ಏರಿದರೆ ನಿವ್ವಳ ಮಾರ್ಜಿನ್ ಇಳಿಯುತ್ತೆ. ಟೈಟನ್ ಮಾರ್ಜಿನ್ ಇಳಿದ 1.2 ಪಾಯಿಂಟ್‌ನಲ್ಲಿ, ತೆರಿಗೆ ಕಳೆದು ನೋಡಿದರೆ, ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬಡ್ಡಿಯದ್ದೇ. ಉಳಿದದ್ದು ವ್ಯಾಪಾರದ್ದು. ಚಿನ್ನದ ಒಡವೆಯಲ್ಲಿ ಕಂಪನಿಗೆ ಉಳಿಯುವುದು ಮುಖ್ಯವಾಗಿ ಮೇಕಿಂಗ್ ಚಾರ್ಜಿನಲ್ಲಿ ಮತ್ತು ವಜ್ರ, ಕಲ್ಲಿನ ಒಡವೆಗಳಲ್ಲಿ. ಸಾದಾ ಚಿನ್ನ ಜಾಸ್ತಿ ಮಾರಿದರೆ ವ್ಯಾಪಾರದ ಅಂಕಿ ದೊಡ್ಡದಾಗುತ್ತೆ, ಲಾಭ ಅಷ್ಟು ಬೆಳೆಯಲ್ಲ. ಟೈಟನ್ ಕೆಲವು ಸಲ ಚಿನ್ನದ ಗಟ್ಟಿಯನ್ನೇ ಮಾರುತ್ತೆ, ಅದರಲ್ಲಿ ಲಾಭ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೇ ಕಂಪನಿಯೇ ತನ್ನ ಫಲಿತಾಂಶದಲ್ಲಿ ಗಟ್ಟಿ ಮಾರಾಟ ಬಿಟ್ಟು ಬೆಳವಣಿಗೆ ಎಷ್ಟು ಅಂತ ಬೇರೆಯಾಗಿ ಹೇಳುತ್ತೆ. ಗಟ್ಟಿ ಮಾರಾಟ ಮಾರ್ಜಿನ್ನನ್ನು ಕೆಳಗೆ ಎಳೆಯುತ್ತೆ, ಟರ್ನೋವರ್ ಅನ್ನು ಮೇಲೆ ತಳ್ಳುತ್ತೆ. ಆದ್ದರಿಂದ ಒಡವೆ ಕಂಪನಿಯಲ್ಲಿ ಮಾರ್ಜಿನ್ ಇಳಿದು ಟರ್ನೋವರ್ ಏರಿದ್ದು ಕಂಡರೆ ಎರಡನ್ನೂ ಒಟ್ಟಿಗೆ ಓದಬೇಕು, ಒಂದಕ್ಕೆ ಬೇಜಾರು ಇನ್ನೊಂದಕ್ಕೆ ಖುಷಿ ಪಡೋದರಲ್ಲಿ ಅರ್ಥ ಇಲ್ಲ.

ಇದರ ಉಲ್ಟಾ ಇನ್ನೊಂದು ಕಡೆ ನಡೆದಿದೆ, ಅದನ್ನೂ ನಾನು ಅವನಿಗೆ ಅದೇ ಶೀಟಿನಲ್ಲಿ ತೋರಿಸಿದೆ. ಹಿಂದೂಸ್ತಾನ್ ಯೂನಿಲಿವರ್. ಕಂಪನಿಯದ್ದು ಮಾತ್ರ ಇರುವ ಲೆಕ್ಕದಲ್ಲಿ 2019–20ರಲ್ಲಿ ಅದರ ಆರ್‌ಒಇ ಶೇಕಡಾ 84, ಮರುವರ್ಷ 17! ಅಂಕಿ ಮಾತ್ರ ನೋಡಿದವರಿಗೆ ಕಂಪನಿ ಮುಳುಗಿತು ಅನಿಸಬೇಕು. ಮೂರು ಭಾಗ ಮಾಡಿ ನೋಡಿ. ಮಾರ್ಜಿನ್ 17.4ರಿಂದ 17.3, ಅಂದರೆ ಅಲ್ಲಾಡಿಲ್ಲ. ಟರ್ನೋವರ್ ಸುಮಾರು 2 ಇದ್ದದ್ದು 0.68ಕ್ಕೆ ಬಿದ್ದಿದೆ. ಲೆವರೇಜ್ 2.44ರಿಂದ 1.44ಕ್ಕೆ ಇಳಿದಿದೆ. ಸೋಪು, ಟೀಪುಡಿ ಮಾರುವ ಕಂಪನಿಯ ಆಸ್ತಿ ಒಂದೇ ವರ್ಷದಲ್ಲಿ ಮೂರನೇ ಒಂದು ವೇಗಕ್ಕೆ ತಿರುಗೋಕೆ ಸಾಧ್ಯವೇ? ಆಗಿದ್ದು ಏನೆಂದರೆ 2020ರ ಏಪ್ರಿಲ್‌ನಲ್ಲಿ ಹಾರ್ಲಿಕ್ಸ್, ಬೂಸ್ಟ್ ಮಾಡುತ್ತಿದ್ದ ಗ್ಲಾಕ್ಸೋಸ್ಮಿತ್‌ಕ್ಲೈನ್ ಕನ್ಸ್ಯೂಮರ್ ಕಂಪನಿ ಇದರಲ್ಲಿ ವಿಲೀನ ಆಯಿತು. ಬೆಲೆಯನ್ನು ದುಡ್ಡಿನಲ್ಲಿ ಅಲ್ಲ, ಹೊಸ ಷೇರು ಕೊಟ್ಟು ತೀರಿಸಿದರು. ಆ ಷೇರಿನ ಮೌಲ್ಯ ಪೂರ್ತಿ ಈಕ್ವಿಟಿಗೆ ಸೇರಿತು, 8,000 ಕೋಟಿ ಇದ್ದದ್ದು 47,000 ಕೋಟಿ ದಾಟಿತು. ಎದುರು ಕಡೆ ಬ್ರಾಂಡ್ ಮತ್ತು ಗುಡ್‌ವಿಲ್ ಅಂತ 40,000 ಕೋಟಿಗೂ ಜಾಸ್ತಿ ಆಸ್ತಿ ಕೂತುಕೊಂಡಿತು. ಗುಡ್‌ವಿಲ್ ಅಂದರೆ ಕೊಂಡ ಕಂಪನಿಯ ಆಸ್ತಿಗಳ ಬೆಲೆಗಿಂತ ಹೆಚ್ಚಿಗೆ ಕೊಟ್ಟ ಮೊತ್ತ.

ಎರಡೂ ಕಂಪನಿ ಒಂದು ವ್ಯಾಪಾರವನ್ನು ದುಬಾರಿ ಬೆಲೆ ಕೊಟ್ಟು ಕೊಂಡಿವೆ. ಒಂದರ ಆರ್‌ಒಇ ಹತ್ತು ಪಾಯಿಂಟ್ ಏರಿತು, ಇನ್ನೊಂದರದ್ದು ಐದನೇ ಒಂದಕ್ಕೆ ಇಳಿಯಿತು. ಟೈಟನ್‌ಗೆ ಕ್ಯಾರಟ್‌ಲೇನ್ ಮೊದಲೇ ಹಿಡಿತದಲ್ಲಿತ್ತು, ಕೊಟ್ಟ ಬೆಲೆ ಈಕ್ವಿಟಿಯಿಂದ ಕಳೆಯಿತು. ಯೂನಿಲಿವರ್‌ಗೆ ಹಾರ್ಲಿಕ್ಸ್ ಹೊರಗಿನದು, ಕೊಟ್ಟ ಬೆಲೆ ಆಸ್ತಿಯಾಗಿ ಕೂತಿತು. ಹಳೆಯ ಸೋಪಿನ ವ್ಯಾಪಾರ ಈಗಲೂ ಅಷ್ಟೇ ಚೆನ್ನಾಗಿ ದುಡಿಯುತ್ತಿದೆಯಾ ಅಂತ ತಿಳಿಯಬೇಕಾದರೆ ಗುಡ್‌ವಿಲ್ ಮತ್ತು ಬ್ರಾಂಡ್ ಬಿಟ್ಟು ಉಳಿದ ಆಸ್ತಿಯ ಟರ್ನೋವರ್ ನೋಡುತ್ತೇನೆ. ಕೊಟ್ಟ ಬೆಲೆಗೆ ತಕ್ಕ ಗಳಿಕೆ ಬರುತ್ತಿದೆಯಾ ಅಂತ ತಿಳಿಯಬೇಕಾದರೆ ಬಿಡದೆ ನೋಡುತ್ತೇನೆ. ಪ್ರಶ್ನೆ ಬೇರೆ, ಲೆಕ್ಕವೂ ಬೇರೆ.

ಲೆಕ್ಕ ಮಾಡುವಾಗ ಕೆಲವು ಕಡೆ ಎಚ್ಚರ ಬೇಕು. ನಾನು ಮೇಲೆ ವರ್ಷದ ಕೊನೆಯ ಈಕ್ವಿಟಿ ಬಳಸಿದ್ದೇನೆ, ಯಾಕೆಂದರೆ ಬದಲಾವಣೆ ಎದ್ದು ಕಾಣಲಿ ಅಂತ. ಕೆಲವರು ವರ್ಷದ ಮೊದಲ ಮತ್ತು ಕೊನೆಯ ಸರಾಸರಿ ಬಳಸುತ್ತಾರೆ. ಹಾಗೆ ಮಾಡಿದರೆ ಟೈಟನ್‌ನ 2023–24ರ ಆರ್‌ಒಇ 37 ಅಲ್ಲ, ಸುಮಾರು 33. ಎರಡೂ ಸರಿಯೇ. ಬೇರೆ ಬೇರೆ ಕಡೆ ಒಂದೇ ಕಂಪನಿಗೆ ಬೇರೆ ಅಂಕಿ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಕಂಪನಿಗಳನ್ನು ಹೋಲಿಸುವಾಗ ಎಲ್ಲದಕ್ಕೂ ಒಂದೇ ಕ್ರಮ ಇಟ್ಟುಕೊಂಡರೆ ಸಾಕು. ಇನ್ನೊಂದು, ಜಮೀನು ಅಥವಾ ಒಂದು ವಿಭಾಗ ಮಾರಿ ಬಂದ ಒಂದು ಸಲದ ಲಾಭ ಇದ್ದರೆ ಅದನ್ನು ತೆಗೆದು ಮಾರ್ಜಿನ್ ನೋಡಿ, ಮುಂದಿನ ವರ್ಷ ಅದು ಇರಲ್ಲ. ವರ್ಷಗಟ್ಟಲೆ ನಷ್ಟ ಮಾಡಿ ಈಕ್ವಿಟಿ ತೀರಾ ಸಣ್ಣದಾದ ಕಂಪನಿಯಲ್ಲಿ ಚೂರು ಲಾಭ ಬಂದರೂ ಆರ್‌ಒಇ ನೂರು ದಾಟಬಹುದು, ಅಲ್ಲಿ ಈ ಲೆಕ್ಕದಿಂದ ಏನೂ ಪ್ರಯೋಜನ ಇಲ್ಲ. ಬ್ಯಾಂಕುಗಳಿಗೆ ಮೂರು ಭಾಗ ಹೊಂದಲ್ಲ, ಅವುಗಳ ವ್ಯಾಪಾರವೇ ಬೇರೆಯವರ ಹಣ, ಲೆವರೇಜ್ ಹತ್ತರ ಆಸುಪಾಸು ಇರುವುದು ಸಹಜ. ಅಲ್ಲಿ ಆಸ್ತಿಯ ಮೇಲಿನ ಗಳಿಕೆ ಮತ್ತು ಲೆವರೇಜ್ ಎರಡೇ ಸಾಕು. ಹಾಗೇ ಒಡವೆ ಕಂಪನಿಯ ಟರ್ನೋವರ್ ಅನ್ನು ಸಿಮೆಂಟ್ ಕಂಪನಿಯದ್ದರ ಪಕ್ಕ ಇಟ್ಟು ನೋಡುವುದೂ ಬೇಡ. ಅದೇ ಕಂಪನಿಯ ಹಿಂದಿನ ವರ್ಷಗಳು, ಅದೇ ವ್ಯಾಪಾರದ ಬೇರೆ ಕಂಪನಿಗಳು, ಇವೆರಡರ ಜೊತೆ ಮಾತ್ರ ಹೋಲಿಸಿ.

ಆಮೇಲೆ 2024–25ರ ಲೆಕ್ಕವೂ ಬಂತು, ಅದನ್ನೂ ಮೂರನೇ ಕಾಲಮ್‌ನಲ್ಲಿ ಹಾಕಿದೆವು. ವ್ಯಾಪಾರ 60,000 ಕೋಟಿ ದಾಟಿತು, ಲಾಭ ಸುಮಾರು 3,340 ಕೋಟಿ, ಈಕ್ವಿಟಿ ಮತ್ತೆ 11,600 ಕೋಟಿ. ಆರ್‌ಒಇ 37ರಿಂದ 29ಕ್ಕೆ ಇಳಿಯಿತು. ಹುಡುಗನಿಗೆ ಈ ಸಲ ಗಾಬರಿ ಆಗಲಿಲ್ಲ. ಆ ಎಂಟು ಪಾಯಿಂಟ್ ಇಳಿಕೆಯಲ್ಲಿ ದೊಡ್ಡ ಪಾಲು ಹಿಂದಿನ ವರ್ಷದ ಗುಂಡಿ ಲಾಭದಿಂದ ತುಂಬಿಕೊಂಡಿದ್ದರದ್ದು, ಅದು ಒಳ್ಳೆಯದೇ. ಅವನೇ ಬೆರಳಿಟ್ಟು ತೋರಿಸಿದ್ದು ಮಾರ್ಜಿನ್ ಸಾಲನ್ನು: 8.05, 6.85, ಈಗ ಐದೂವರೆ. 2024ರ ಜುಲೈ ಬಜೆಟ್‌ನಲ್ಲಿ ಚಿನ್ನದ ಆಮದು ಸುಂಕ ಶೇಕಡಾ 15ರಿಂದ 6ಕ್ಕೆ ಇಳಿದಾಗ ಕೈಯಲ್ಲಿದ್ದ ಸ್ಟಾಕಿನ ಮೇಲೆ ಒಂದು ಸಲದ ನಷ್ಟ ಬಿತ್ತು, ಆ ಪಾಲು ಮುಂದೆ ಇರಲ್ಲ. ಬಡ್ಡಿ ಮಾತ್ರ 900 ಕೋಟಿ ದಾಟಿದೆ. ಚಿನ್ನದ ಬೆಲೆ ಏರಿದ ಹಾಗೆ ಅಷ್ಟೇ ತೂಕದ ಸ್ಟಾಕಿಗೆ ಹೆಚ್ಚು ಹಣ ಬೇಕು, ಆ ಹಣಕ್ಕೆ ಬಡ್ಡಿಯೂ ಹೆಚ್ಚು. ಮುಂದಿನ ವರದಿ ಬಂದಾಗ ನಾವು ಮೊದಲು ತೆರೆಯುವುದು ಆರ್‌ಒಇ ಅಲ್ಲ, ಬಡ್ಡಿಯ ಸಾಲು ಮತ್ತು ಸಾದಾ ಚಿನ್ನಕ್ಕೆ ಎದುರಾಗಿ ಕಲ್ಲಿನ ಒಡವೆಯ ಪಾಲು ಎಷ್ಟಾಯಿತು ಅನ್ನುವುದು.